ರೆಸ್ಯೂಮೆ ಸಾಲುಗಳು: ನೇಮಕಾತಿ ಸಲಹೆಗಾರ್ತಿಗೆ ಪ್ರಶ್ನೆಗಳು

ದೂರು ವಿಭಾಗದ ಉದ್ಯೋಗಿ: ಮೇಡಂ, ನನ್ನ ರೆಸ್ಯೂಮೆಯ ಒಂದು ಸಾಲು ಹೀಗಿದೆ: ‘ಗ್ರಾಹಕರ ದೂರುಗಳನ್ನು ಸ್ವೀಕರಿಸಿ, ದಾಖಲಿಸಿ, ಸಂಬಂಧಪಟ್ಟ ವಿಭಾಗಗಳಿಗೆ ಕಳುಹಿಸುವ ಹಾಗೂ ಅವುಗಳ ಸಕಾಲಿಕ ಪರಿಹಾರಕ್ಕಾಗಿ ತಂಡದೊಂದಿಗೆ ಸಹಕರಿಸುವ ಜವಾಬ್ದಾರಿಯನ್ನು ನಿರ್ವಹಿಸಿದ್ದೇನೆ.’ ಇದನ್ನು ‘ದೂರು ಪರಿಹಾರದ ಅವಧಿಯನ್ನು 40% ಇಳಿಸಿದೆ’ ಎಂದು ಬದಲಿಸಲು ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ. ಬರೆಯಬಹುದೇ?

ಸಲಹೆಗಾರ್ತಿ: 40% ಎಲ್ಲಿಂದ ಬಂತು? ಆ ಅವಧಿಯಲ್ಲಿ ತಂಡದಲ್ಲಿ ಇನ್ನೇನು ಬದಲಾಯಿತು? ನೀವೊಬ್ಬರೇ ಮಾಡಿದ್ದು ಏನು? ಇವು ತಿಳಿಯದೆ ಹೇಳಲಾರೆ.

ದೂರು ವಿಭಾಗದ ಉದ್ಯೋಗಿ: ನಾವು ಆರು ಜನ. ವಾರಕ್ಕೆ ಸುಮಾರು 200 ದೂರು ಬರುತ್ತಿದ್ದವು. ಒಂದು ದೂರು ಮುಗಿಯಲು ಸರಾಸರಿ 5 ದಿನ ಹಿಡಿಯುತ್ತಿತ್ತು, ಆರು ತಿಂಗಳಲ್ಲಿ ಅದು 3 ದಿನಕ್ಕೆ ಇಳಿಯಿತು. ಎರಡನೆಯ ತಿಂಗಳಲ್ಲಿ ನಾನು ದೂರುಗಳನ್ನು ವಿಂಗಡಿಸುವ ಒಂದು ನಮೂನೆ ಸಿದ್ಧಪಡಿಸಿದೆ. ನಾಲ್ಕನೆಯ ತಿಂಗಳಲ್ಲಿ ಇನ್ನಿಬ್ಬರು ಕೆಲಸಕ್ಕೆ ಸೇರಿದರು.

ಮಾರಾಟ ವಿಭಾಗದ ಸದಸ್ಯ: ಐದರಿಂದ ಮೂರು ಎಂದರೆ 40% ತಾನೇ? ಲೆಕ್ಕ ಸರಿಯಿದೆ. ಬರೆಯಿರಿ, ಯಾರೂ ಪರಿಶೀಲಿಸುವುದಿಲ್ಲ.

ಸಲಹೆಗಾರ್ತಿ: ಲೆಕ್ಕ ಸರಿ, ಹೇಳಿಕೆ ತಪ್ಪು. ಹೊಸಬರಿಬ್ಬರು ಬಂದ ಮೇಲೆ ಅವಧಿ ಇಳಿದದ್ದರಲ್ಲಿ ಅವರ ಪಾಲೂ ಇದೆ. ‘ಇಳಿಸಿದೆ’ ಎಂಬ ಕ್ರಿಯಾಪದ ಇಡೀ ಇಳಿಕೆಯನ್ನು ಇವರೊಬ್ಬರ ಹೆಸರಿಗೆ ಬರೆಯುತ್ತದೆ. ಸಂದರ್ಶನದಲ್ಲಿ ನಾನು ಮೊದಲು ಕೇಳುವುದೇ ‘ಆಗ ತಂಡದಲ್ಲಿ ಎಷ್ಟು ಜನರಿದ್ದರು’ ಎಂದು. ಆರು ಜನ ಎಂಟಾದರು ಎಂಬ ಉತ್ತರ ಬಂದ ಕ್ಷಣವೇ ಆ 40% ಕುಸಿಯುತ್ತದೆ, ಉಳಿದ ಸಾಲುಗಳ ಮೇಲೂ ಅನುಮಾನ ಬೀಳುತ್ತದೆ.

ಇವರ ಅದೃಷ್ಟಕ್ಕೆ ಮೂರನೆಯ ತಿಂಗಳು ಒಂದಿದೆ. ನಮೂನೆ ಆಗಲೇ ಬಳಕೆಯಲ್ಲಿತ್ತು, ಹೊಸಬರು ಇನ್ನೂ ಬಂದಿರಲಿಲ್ಲ. ಮೊದಲ ತಿಂಗಳನ್ನು ಮೂರನೆಯ ತಿಂಗಳಿಗೆ ಹೋಲಿಸಿದರೆ ನಮೂನೆಯಿಂದ ಆದದ್ದೇನು ಎಂಬುದು ಹೆಚ್ಚುಕಡಿಮೆ ಕಾಣುತ್ತದೆ. ಅವಧಿಯನ್ನು ಮಾತ್ರ ನೋಡಬೇಡಿ. ವಿಂಗಡಣೆ ಸುಧಾರಿಸಿದರೆ ಮೊದಲು ಕಡಿಮೆಯಾಗಬೇಕಾದದ್ದು ತಪ್ಪು ವಿಭಾಗಕ್ಕೆ ಹೋಗಿ ಮರಳಿ ಬರುವ ದೂರುಗಳು. ಆ ಅಂಕಿ ಸಿಗುತ್ತದೆಯೇ?

ದೂರು ವಿಭಾಗದ ಉದ್ಯೋಗಿ: ಸಿಗುತ್ತದೆ ಮೇಡಂ. ಮೊದಲ ತಿಂಗಳಲ್ಲಿ ವಾರಕ್ಕೆ ಸುಮಾರು 30 ಮರಳಿ ಬರುತ್ತಿದ್ದವು, ಮೂರನೆಯ ತಿಂಗಳಲ್ಲಿ 12. ಆಗ ಅವಧಿ 4 ದಿನ.

ಗೋದಾಮು ಮೇಲ್ವಿಚಾರಕ: ಮೇಡಂ, ಒಂದು ರೆಸ್ಯೂಮೆಯಲ್ಲಿ ಎಷ್ಟು ಸಾಲು ಇರಬೇಕು?

ಸಲಹೆಗಾರ್ತಿ: ಇತ್ತೀಚಿನ ಕೆಲಸಕ್ಕೆ ನಾಲ್ಕೈದು, ಹಳೆಯವಕ್ಕೆ ಎರಡು. ಈ ಪ್ರಶ್ನೆಗೆ ಕಳೆದ ವಾರವೂ ಉತ್ತರಿಸಿದ್ದೇನೆ.

ದೂರು ವಿಭಾಗದವರಿಗೆ: ನಿಮ್ಮ ಸಾಲು ಸಿಕ್ಕಿತು. ‘ದೂರು ವಿಂಗಡಣೆಯ ನಮೂನೆ ರೂಪಿಸಿ, ತಪ್ಪು ವಿಭಾಗಕ್ಕೆ ಹೋಗುತ್ತಿದ್ದ ದೂರುಗಳನ್ನು ವಾರಕ್ಕೆ 30ರಿಂದ 12ಕ್ಕೆ ಇಳಿಸಿದೆ.’ ಸ್ವೀಕರಿಸುವುದು, ದಾಖಲಿಸುವುದು, ಕಳುಹಿಸುವುದು ಎಲ್ಲವೂ ಹುದ್ದೆಯ ಹೆಸರಿನಲ್ಲೇ ಅಡಗಿವೆ, ಅವನ್ನು ಬಿಟ್ಟುಬಿಡಿ. ‘ಜವಾಬ್ದಾರಿಯನ್ನು ನಿರ್ವಹಿಸಿದ್ದೇನೆ’ ಎಂಬುದು ನಿಮಗೆ ಏನು ವಹಿಸಿದ್ದರು ಎಂದು ಹೇಳುತ್ತದೆ, ನೀವು ಮಾಡಿದ್ದೇನು ಎಂದು ಹೇಳುವುದಿಲ್ಲ. ರೆಸ್ಯೂಮೆ ಇಂಗ್ಲಿಷಿನಲ್ಲಿದ್ದರೆ ಸಾಲು ‘ಡಿಸೈನ್ಡ್’ ಎಂದೇ ಆರಂಭವಾಗಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನೀವು ರೂಪಿಸಿದ ವಸ್ತುವನ್ನು ಮೊದಲಿಗೆ ತನ್ನಿ.

5 ದಿನ 4 ಆದದ್ದನ್ನು ಸಾಲಿಗೆ ಸೇರಿಸಬೇಡಿ, ಸಂದರ್ಶನದಲ್ಲಿ ಹೇಳಿ. ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆ ತಿಂಗಳು ಸುಲಭದ ದೂರುಗಳೇ ಹೆಚ್ಚು ಬಂದಿದ್ದರೂ ಅವಧಿ ಇಳಿದಿರುತ್ತಿತ್ತು.

ಮಾರಾಟ ವಿಭಾಗದ ಸದಸ್ಯ: 30ರಿಂದ 12 ಎಂದರೆ 60%. 40ಕ್ಕಿಂತ ದೊಡ್ಡ ಸಂಖ್ಯೆ! ಅದನ್ನೇಕೆ ಹಾಕಬಾರದು?

ಲೆಕ್ಕಪತ್ರ ವಿಭಾಗದ ಸದಸ್ಯೆ: ಅದು ದಾರಿ ತಪ್ಪಿಸುತ್ತದೆ. 200ರಲ್ಲಿ 30 ಎಂದರೆ 15%, 12 ಎಂದರೆ 6%. ವ್ಯತ್ಯಾಸ ಬರೀ 9.

ಮಾರಾಟ ವಿಭಾಗದ ಸದಸ್ಯ: ತಪ್ಪುಗಳು ಎಷ್ಟು ಕಡಿಮೆಯಾದವು ಎಂದು ಕೇಳಿದರೆ ಉತ್ತರ 60% ತಾನೇ? ನೀವು ಇರುವುದನ್ನೂ ಚಿಕ್ಕದಾಗಿ ತೋರಿಸುತ್ತಿದ್ದೀರಿ.

ಲೆಕ್ಕಪತ್ರ ವಿಭಾಗದ ಸದಸ್ಯೆ: ನೀವು ಎಲ್ಲವನ್ನೂ ಮಾರಲು ಹೊರಟಿದ್ದೀರಿ.

ಸಲಹೆಗಾರ್ತಿ: ಇಬ್ಬರ ಲೆಕ್ಕವೂ ಸರಿ, ಜಗಳ ಬೇಡ. 60% ಎಂಬುದು 5ರಿಂದ 2 ಆದದ್ದೂ ಇರಬಹುದು, 500ರಿಂದ 200 ಆದದ್ದೂ ಇರಬಹುದು. ಓದುವವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಮೂಲ ಸಂಖ್ಯೆಗಳನ್ನು ಬರೆಯಿಸಿದ್ದು. ಶೇಕಡಾ ಬೇಕಾದವರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಇವೂ ಅಂದಾಜೇ ಆಗಿರುವುದರಿಂದ ‘ಸುಮಾರು’ ಎಂಬ ಪದ ಇರಲಿ. ಅದರಿಂದ ಸಾಲು ಬಡವಾಗುವುದಿಲ್ಲ.

ಶುಶ್ರೂಷಕಿ: ನನ್ನ ಕೆಲಸದಲ್ಲಿ ಇಳಿಸುವುದು ಏರಿಸುವುದು ಏನೂ ಇಲ್ಲ. ರಾತ್ರಿ ಪಾಳಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಫಲಿತಾಂಶ ಎಲ್ಲಿಂದ ತರಲಿ?

ಸಲಹೆಗಾರ್ತಿ: ತರಬೇಡಿ. ಏರಿಳಿತ ಇಲ್ಲದಿದ್ದರೆ ಕೆಲಸದ ಪ್ರಮಾಣ ಬರೆಯಿರಿ: ಒಂದು ಪಾಳಿಗೆ ಎಷ್ಟು ಹಾಸಿಗೆ, ಎಂತಹ ವಾರ್ಡ್, ಹೊಸಬರಿಗೆ ಕಲಿಸಿದ್ದರೆ ಎಷ್ಟು ಜನರಿಗೆ. ‘ಆರೈಕೆಯ ಗುಣಮಟ್ಟ ಹೆಚ್ಚಿಸಿದೆ’ ಎಂದು ಮಾತ್ರ ಬರೆಯಬೇಡಿ. ಹೇಗೆ ಅಳೆದಿರಿ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಉದ್ಯೋಗಾಕಾಂಕ್ಷಿ: ಫಾರ್ವರ್ಡ್: ‘ಕೆಲಸ ಖಚಿತ! 200 ಶಕ್ತಿಶಾಲಿ ಕ್ರಿಯಾಪದಗಳು. ಪ್ರತಿ ಸಾಲಿನಲ್ಲೂ ಒಂದು ಶೇಕಡಾ ಕಡ್ಡಾಯ. ಉದ್ಯೋಗ ಜಾಹೀರಾತಿನ ಪದಗಳನ್ನು ಬಿಳಿ ಅಕ್ಷರದಲ್ಲಿ ಪುಟದ ಕೊನೆಗೆ ಅಂಟಿಸಿ.’ ಎಲ್ಲರಿಗೂ ಉಪಯೋಗವಾಗಲಿ.

ಸಲಹೆಗಾರ್ತಿ: ಯಾರಿಗೂ ಉಪಯೋಗವಾಗುವುದಿಲ್ಲ. ಬಿಳಿ ಅಕ್ಷರ ಕಾಗದದಲ್ಲಿ ಕಾಣದಿರಬಹುದು. ರೆಸ್ಯೂಮೆಗಳನ್ನು ಓದುವ ತಂತ್ರಾಂಶ ಪಠ್ಯವನ್ನು ಹೊರತೆಗೆದಾಗ ಬಣ್ಣ ಹೋಗಿ ಪದಗಳು ಉಳಿಯುತ್ತವೆ, ಅವನ್ನು ಓದುವುದು ನನ್ನಂಥವರು. ಪ್ರತಿ ಸಾಲಿಗೂ ಶೇಕಡಾ ಎಂಬ ನಿಯಮವೇ ಜನರಿಂದ ಸುಳ್ಳು ಬರೆಯಿಸುತ್ತಿದೆ. ಇನ್ನು ಆ 200 ಕ್ರಿಯಾಪದಗಳು: ಸಭೆಯ ಟಿಪ್ಪಣಿ ಬರೆದವರು ‘ಮುನ್ನಡೆಸಿದೆ’ ಎನ್ನುತ್ತಾರೆ, ಕಡತ ಜೋಡಿಸಿದವರು ‘ಪರಿವರ್ತಿಸಿದೆ’ ಎನ್ನುತ್ತಾರೆ. ದಯವಿಟ್ಟು ಇದನ್ನು ಇಲ್ಲಿಗೆ ಮತ್ತೆ ತರಬೇಡಿ.

ಉದ್ಯೋಗಾಕಾಂಕ್ಷಿ: ಒಳ್ಳೆಯ ಉದ್ದೇಶದಿಂದ ಹಾಕಿದ್ದು ಮೇಡಂ. ಇಷ್ಟು ಸಿಟ್ಟೇಕೆ?

ಗೋದಾಮು ಮೇಲ್ವಿಚಾರಕ: ಹಾಗಾದರೆ ‘ಮುನ್ನಡೆಸಿದೆ’ ಎಂದು ಯಾವಾಗ ಬರೆಯಬಹುದು? ನನ್ನ ಹುದ್ದೆಯ ಹೆಸರಿನಲ್ಲಿ ಮುಖ್ಯಸ್ಥ ಎಂದಿರಲಿಲ್ಲ, ಆದರೆ ದಾಸ್ತಾನು ಎಣಿಕೆಯ ಎರಡು ವಾರ ನಾಲ್ವರಿಗೆ ಕೆಲಸ ಹಂಚಿದ್ದು ನಾನೇ.

ಸಲಹೆಗಾರ್ತಿ: ಕೆಲಸ ಹಂಚಿ, ತಪ್ಪಾದರೆ ಉತ್ತರ ಕೊಡಬೇಕಾದವರೂ ನೀವೇ ಆಗಿದ್ದರೆ ಬರೆಯಬಹುದು, ಆದರೆ ‘ನಾಲ್ವರ ಎಣಿಕೆ ತಂಡ, ಎರಡು ವಾರ’ ಎಂಬುದೂ ಅದೇ ಸಾಲಿನಲ್ಲಿರಲಿ. ಹಂಚಿದ್ದು ಮಾತ್ರ ನೀವು, ತೀರ್ಮಾನ ಬೇರೆಯವರದು ಎಂದಾದರೆ ‘ಸಂಯೋಜಿಸಿದೆ’.

ಲೆಕ್ಕಪತ್ರ ವಿಭಾಗದ ಸದಸ್ಯೆ: ನಾನು ಒಪ್ಪುವುದಿಲ್ಲ. ಹುದ್ದೆಯಲ್ಲಿ ಇಲ್ಲದ್ದನ್ನು ಹೇಳಿಕೊಳ್ಳುವುದೂ ಉತ್ಪ್ರೇಕ್ಷೆಯೇ. ಹಳೆಯ ಮೇಲಧಿಕಾರಿಗೆ ಕರೆ ಮಾಡಿದರೆ?

ಸಲಹೆಗಾರ್ತಿ: ಮೇಲಧಿಕಾರಿ ‘ಹೌದು, ಎಣಿಕೆ ಅವರೇ ನಡೆಸಿದರು’ ಎನ್ನುವಂತಿದ್ದರೆ ಸಾಕು. ಹುದ್ದೆಯ ಹೆಸರನ್ನು ಬದಲಿಸುವುದು ಸುಳ್ಳು, ಮಾಡಿದ ಕೆಲಸವನ್ನು ಹೇಳುವುದು ಸುಳ್ಳಲ್ಲ.

ಲೆಕ್ಕಪತ್ರ ವಿಭಾಗದ ಸದಸ್ಯೆ: ಮೇಲಧಿಕಾರಿ ಕೆಲಸ ಬಿಟ್ಟಿದ್ದರೆ? ದಾಖಲೆ ನೋಡುವವರಿಗೆ ಹುದ್ದೆಯೇ ಗತಿ.

ತಂತ್ರಾಂಶ ಉದ್ಯೋಗಿ: ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ. ಕಂಪನಿಯ ಒಳಗಿನ ಅಂಕಿಅಂಶ ಬರೆಯಬಹುದೇ?

ಹೊಸ ಸದಸ್ಯ: ರೆಸ್ಯೂಮೆಯಲ್ಲಿ ಫೋಟೊ ಬೇಕೇ?

ಮಾರಾಟ ವಿಭಾಗದ ಸದಸ್ಯ: ನನ್ನ ಸಾಲು ನೋಡಿ ಮೇಡಂ: ‘ಮಾರಾಟವನ್ನು 300% ಏರಿಸಿದೆ.’ ಇದು ನಿಜ, ದಾಖಲೆಯೂ ಇದೆ.

ಸಲಹೆಗಾರ್ತಿ: ಎಷ್ಟರಿಂದ ಎಷ್ಟಕ್ಕೆ?

ಮಾರಾಟ ವಿಭಾಗದ ಸದಸ್ಯ: ತಿಂಗಳಿಗೆ 2 ಗ್ರಾಹಕರಿಂದ 8ಕ್ಕೆ.

ಸಲಹೆಗಾರ್ತಿ: ಹಾಗಾದರೆ ‘2ರಿಂದ 8ಕ್ಕೆ’ ಎಂದೇ ಬರೆಯಿರಿ.

ಮಾರಾಟ ವಿಭಾಗದ ಸದಸ್ಯ: ಹಾಗೆ ಬರೆದರೆ ಯಾರು ಕರೆಯುತ್ತಾರೆ?

ಗೋದಾಮು ಮೇಲ್ವಿಚಾರಕ: ದೊಡ್ಡ ಗ್ರಾಹಕರಾಗಿದ್ದರೆ ಎಂಟೂ ದೊಡ್ಡದೇ. ಅದನ್ನು ಸೇರಿಸಿ.

ಹೊಸ ಸದಸ್ಯ: ಫೋಟೊ ವಿಷಯ ಯಾರಾದರೂ ಹೇಳಿ.

ಸಲಹೆಗಾರ್ತಿ: ಖಾಸಗಿಯಾಗಿ ರೆಸ್ಯೂಮೆ ಕಳುಹಿಸುತ್ತಿರುವವರು ನಿಲ್ಲಿಸಿ, ತೆರೆಯುವುದಿಲ್ಲ. ಒಂದು ಸಾಲು ಇಲ್ಲಿಯೇ ಹಾಕಿ, ಜೊತೆಗೆ ಆಗ ತಂಡದಲ್ಲಿ ಏನೇನು ಬದಲಾಗಿತ್ತು ಎಂಬುದನ್ನೂ ಬರೆಯಿರಿ. ಉಳಿದದ್ದು ನಾಳೆ.