ಬ್ಯಾಂಕಿನವರು ಬಡ್ಡಿ ಬದಲಿಸಿದರೆ ಮೂರನೇ ವರ್ಷ ಯಾಕೆ ಅಲುಗಾಡಲಿಲ್ಲ? ಎಕ್ಸೆಲ್ ಪ್ರಶ್ನೋತ್ತರ

ಗಾಣದ ಎಣ್ಣೆ ಘಟಕದ ಸದಸ್ಯೆ: ಮೇಡಂ, 60 ಲಕ್ಷ ಸಾಲಕ್ಕೆ ಮಾಡೆಲ್ ಮಾಡಿದ್ದೇವೆ. Assumptions, Calc, Output ಮೂರೂ ಶೀಟ್ ಬೇರೆ ಬೇರೆ. ಬ್ಯಾಂಕಿನವರು ಬಡ್ಡಿಯನ್ನು 10ರಿಂದ 11.5 ಮಾಡಿದರು. ಮೊದಲ ಎರಡು ವರ್ಷದ ಡಿಎಸ್‌ಸಿಆರ್, ಅಂದರೆ ಸಾಲ ತೀರಿಸುವ ಶಕ್ತಿಯ ಅನುಪಾತ, ಇಳಿಯಿತು, ಮೂರನೇ ವರ್ಷದ್ದು 1.51ರಲ್ಲೇ ನಿಂತಿದೆ. ಫೈಲ್ ವಾಪಸ್ ಬಂತು.

ಸಿಎ ಮೇಡಂ: ಶೀಟ್ ಬೇರೆ ಮಾಡಿದರೆ ಸಾಲದು, ದಾರಿ ಕಡಿಯದೇ ಇರಬೇಕು. ನಿಮ್ಮ ಫೈಲಿನಲ್ಲಿ ಎಲ್ಲೋ ಕಡಿದಿದೆ. Output ಶೀಟಿನಲ್ಲಿ ಆ 1.51ರ ಮೇಲೆ ನಿಂತು Ctrl+[ ಒತ್ತಿ. Calcಗೆ ಹಾರುತ್ತದೆ. ಅಲ್ಲಿ ಮತ್ತೆ ಒತ್ತುತ್ತಾ ಬಡ್ಡಿಯ ಸಾಲಿನತ್ತ ಹೋಗಿ. ವಾಪಸ್ ಬರಲು F5, ಎಂಟರ್. ಫಾರ್ಮುಲಾದಲ್ಲಿ ಹಲವು ಸೆಲ್ ಇದ್ದರೆ ಬೇರೆ ಶೀಟಿನ ಮೊದಲನೆಯದಕ್ಕೆ ಮಾತ್ರ ಹೋಗುತ್ತದೆ, ಉಳಿದದ್ದನ್ನು ಕೈಯಲ್ಲೇ ಹುಡುಕಿ. ಬಡ್ಡಿ ಸೆಲ್‌ನಲ್ಲಿ F2 ಒತ್ತಿ, ಏನಿದೆ ಅಂತ ಇಲ್ಲಿ ಹಾಕಿ.

ಎಣ್ಣೆ ಘಟಕದ ಸದಸ್ಯೆ: E15ರಲ್ಲಿ ಇದಿದೆ. ತಮ್ಮ ಮುಟ್ಟಿದ್ದನಂತೆ.

```
=E14*10%
```

ಸಿಎ ಮೇಡಂ: ಇದೇ. ಹೀಗಿರಬೇಕಿತ್ತು:

```
=E14*Assumptions!$C$9
```

C9ರಲ್ಲಿ ಬಡ್ಡಿ ದರ, E14ರಲ್ಲಿ ಮೂರನೇ ವರ್ಷದ ಆರಂಭದ ಬಾಕಿ 36 ಲಕ್ಷ. 10ಕ್ಕೆ ಬಡ್ಡಿ 3.60 ಲಕ್ಷ, 11.5ಕ್ಕೆ 4.14 ಲಕ್ಷ. ವ್ಯತ್ಯಾಸ ಬರೀ 54 ಸಾವಿರ, ಆದರೆ ಅದು ಲಾಭವನ್ನೂ ಕಡಿಮೆ ಮಾಡುತ್ತದೆ, ಕಟ್ಟಬೇಕಾದ್ದನ್ನೂ ಜಾಸ್ತಿ ಮಾಡುತ್ತದೆ. ಕೈಯಲ್ಲಿ ಲೆಕ್ಕ ಹಾಕೋಣ. 10ರಲ್ಲಿ ತೆರಿಗೆ ನಂತರದ ಲಾಭ 14 ಲಕ್ಷ, ಸವಕಳಿ 6, ಬಡ್ಡಿ 3.60, ಒಟ್ಟು 23.60. ಕಂತು 12 ಮತ್ತು ಬಡ್ಡಿ ಸೇರಿ 15.60. ಭಾಗಿಸಿದರೆ 1.51. ಈಗ 11.5 ಹಾಕಿ, ತೆರಿಗೆ 25 ಶೇಕಡ ಹಿಡಿಯಿರಿ: ಲಾಭ ಸುಮಾರು 13.60 ಆಗುತ್ತದೆ, ಮೇಲೆ 23.74, ಕೆಳಗೆ 16.14. ಬರುವುದು 1.47. ನಿಮ್ಮ ಬ್ಯಾಂಕ್ 1.5 ಕೇಳಿದ್ದರೆ ಅವರು ಅನುಮಾನ ಪಟ್ಟಿದ್ದು ಸರಿಯೇ, ಅಲ್ವಾ?

ಇನ್ನೊಂದು. ಸಾಲು 15ರಲ್ಲಿ C15ರಿಂದ G15 ತನಕ ಆಯ್ದು Ctrl+\ ಒತ್ತಿ. ಮೊದಲ ಸೆಲ್‌ನ ಫಾರ್ಮುಲಾಗೆ ಹೊಂದದ ಸೆಲ್‌ಗಳನ್ನು ಅದೇ ಆರಿಸಿ ತೋರಿಸುತ್ತದೆ. Go To Specialನ Constants ಇಲ್ಲಿ ಸಹಾಯ ಮಾಡಲ್ಲ. ಅದು ಇಡೀ ಸೆಲ್‌ನಲ್ಲಿ ಟೈಪ್ ಮಾಡಿದ ಅಂಕಿಯನ್ನು ಹಿಡಿಯುತ್ತದೆಯೇ ಹೊರತು ಫಾರ್ಮುಲಾದೊಳಗೆ ಅವಿತ 10 ಶೇಕಡವನ್ನಲ್ಲ.

ಅಂಗಡಿ ಲೆಕ್ಕ ಬರೆಯುವವರು: ಸಣ್ಣ ಸಾಲಕ್ಕೆ ಮೂರು ಶೀಟ್ ಯಾಕೆ ಸ್ವಾಮಿ? ಒಂದೇ ಶೀಟಿನಲ್ಲಿ ಬಡ್ಡಿ ದರದಂಥ ಅಂಕಿಗಳಿಗೆ ನೀಲಿ ಬಣ್ಣ ಕೊಟ್ಟು ಇಟ್ಟರೆ ಸಾಕು. ನಮ್ಮದು ಹಾಗೇ ಪಾಸಾಗಿದೆ.

ಪ್ರಾಜೆಕ್ಟ್ ರಿಪೋರ್ಟ್ ಮಾಡುವವರು: ಪಾಸಾಗಿದ್ದಕ್ಕೂ ಸರಿಯಿರುವುದಕ್ಕೂ ಏನು ಸಂಬಂಧ? ಡಿಎಸ್‌ಸಿಆರ್ ಭಾಗಾಕಾರವನ್ನು Outputನಲ್ಲೇ ಮಾಡಿ, ನೋಡುವವರಿಗೆ ಕಣ್ಣೆದುರೇ ಇರುತ್ತೆ.

ಅಂಗಡಿ ಲೆಕ್ಕ ಬರೆಯುವವರು: Outputನಲ್ಲಿ ಲೆಕ್ಕ ಮಾಡಿದರೆ ಅದು Output ಹೇಗಾಯ್ತು? ನೀವೇ ಒಂದೇ ಶೀಟಿಗೆ ಬಂದ್ರಲ್ಲ.

ಪ್ರಾಜೆಕ್ಟ್ ರಿಪೋರ್ಟ್ ಮಾಡುವವರು: ಒಂದು ಭಾಗಾಕಾರಕ್ಕೆ ಇಷ್ಟು ಹಟ ಬೇಡ. ನಾನು ದಿನಾ ಇದನ್ನೇ ಮಾಡುತ್ತೇನೆ.

ಸಿಎ ಮೇಡಂ: ನಾನು Calcನಲ್ಲೇ ಇಡುತ್ತೇನೆ. ಬೇರೆಯವರು ಬೇರೆ ಥರ ಮಾಡುತ್ತಾರೆ. ಬಡ್ಡಿ, ತೆರಿಗೆ ದರಗಳು ಮಾತ್ರ Assumptions ಬಿಟ್ಟು ಎಲ್ಲೂ ಇರಬಾರದು. ಅದರಲ್ಲಿ ರಾಜಿ ಇಲ್ಲ.

ಇನ್ನೊಬ್ಬ ಸದಸ್ಯ: ಫಾರ್ವರ್ಡ್ ಬಂದಿದೆ: "Calc ಶೀಟ್ ಅಡಗಿಸಿ ಪಾಸ್‌ವರ್ಡ್ ಹಾಕಿ, ಸರ್ಕ್ಯುಲರ್ ಎರರ್ ಬಂದರೆ ಇಟರೇಟಿವ್ ಆನ್ ಮಾಡಿ." ಮಾಡಬಹುದಾ?

ಸಿಎ ಮೇಡಂ: ಎರಡೂ ಬೇಡ. ಅಡಗಿಸಿದ ಶೀಟಿನ ಹಿಂದೆ ಹೋಗಿ ನೋಡುವುದು ಹೇಗೆ? ಬ್ಯಾಂಕಿನವರು ಅಂಕಿ ಬಂದ ದಾರಿ ಕೇಳುತ್ತಾರೆ, ನೀವು ಬಾಗಿಲು ಹಾಕುತ್ತೀರಿ. ಸರ್ಕ್ಯುಲರ್ ಅಂದರೆ ಫಾರ್ಮುಲಾ ಸುತ್ತಿ ಬಂದು ತನ್ನ ಉತ್ತರವನ್ನೇ ಕೇಳುವುದು. ಇಟರೇಟಿವ್ ಆನ್ ಮಾಡಿದರೆ ಎಚ್ಚರಿಕೆ ಹೋಗುತ್ತದೆ, ಸುತ್ತು ಹೋಗಲ್ಲ. ತಪ್ಪಾಗಿ ಬಿದ್ದ ಸುತ್ತೂ ಅದರಡಿ ಮುಚ್ಚಿಹೋಗುತ್ತದೆ. ಬಡ್ಡಿಯನ್ನು ಸರಾಸರಿ ಬಾಕಿಯ ಬದಲು ಆರಂಭದ ಬಾಕಿಯ ಮೇಲೆ ಹಾಕಿ, ಹೆಚ್ಚಿನ ಸುತ್ತು ಅಲ್ಲೇ ಬಿಡುತ್ತದೆ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಅದೇ ಸದಸ್ಯ: ಕೇಳಿದ್ದೇ ತಪ್ಪಾ?

ಶಿಕ್ಷಕರು: ನನ್ನ ಫೈಲ್ ಪ್ರಿಂಟ್ ಮಾಡಿದರೆ ಬಲಗಡೆಯ ಕಾಲಂ ಕತ್ತರಿಸಿ ಹೋಗುತ್ತದೆ. ಇದು ಲಿಂಕ್ ತಪ್ಪಿದ್ದಾ?

ಹೊಸ ಸದಸ್ಯ: ಮೇಡಂ, ಬಡ್ಡಿ ಬದಲಿಸಿದರೆ ಉತ್ತರ ಬದಲಾಗ್ತಿಲ್ಲ, ಯಾಕೆ?

ಸಿಎ ಮೇಡಂ: ಮೇಲೆ ಓದಿ.

ಹೊಸ ಸದಸ್ಯ: ಟೆಂಪ್ಲೇಟ್ ಇದ್ದರೆ ಕಳಿಸಿ.

ಸಿಎ ಮೇಡಂ: ಇಲ್ಲ.

ಎಣ್ಣೆ ಘಟಕದ ಸದಸ್ಯೆ: ಮೇಡಂ, Ctrl+\ ಒತ್ತಿದಾಗ F15 ಕೂಡ ಸಿಕ್ಕಿತು, ಅಲ್ಲೂ 10 ಶೇಕಡ ಇತ್ತು. ಎರಡನ್ನೂ ಸರಿಮಾಡಿದೆ. ಮೂರನೇ ವರ್ಷ 1.47 ಬಂತು. 1.5 ಆಗಬೇಕಲ್ಲ, ಈಗ?

ಸಿಎ ಮೇಡಂ: 1.47 ಅಂತಲೇ ತೋರಿಸಿ. ಅದನ್ನು ಕೈಯಲ್ಲಿ ತಿದ್ದಿ 1.5 ಮಾಡಬೇಡಿ. ಆಮೇಲೆ Assumptionsನಲ್ಲಿ ಅವಧಿಯನ್ನು 5ರ ಬದಲು 6 ವರ್ಷ ಮಾಡಿ ನೋಡಿ. ಕಂತು 10 ಲಕ್ಷಕ್ಕೆ ಇಳಿಯುತ್ತದೆ, ಬಾಕಿ 40 ಲಕ್ಷ ಇರುವುದರಿಂದ ಬಡ್ಡಿ 4.60 ಆಗುತ್ತದೆ. ಆದರೂ ಮೂರನೇ ವರ್ಷ 1.63 ಬರಬೇಕು. Calcನಲ್ಲಿ ಆರನೇ ಕಾಲಂ ಇದೆಯಾ ನೋಡಿ. ಇಲ್ಲದಿದ್ದರೆ ಕೊನೆಯ 10 ಲಕ್ಷ ಎಲ್ಲೂ ಕಾಣಿಸುವುದಿಲ್ಲ. ಕಂತುಗಳ ಮೊತ್ತ 60 ಲಕ್ಷಕ್ಕೆ ಸಮವೇ ಅಂತ ಒಂದು ತಾಳೆ ಸಾಲು ಹಾಕಿಡಿ.

ಅಂಗಡಿ ಲೆಕ್ಕ ಬರೆಯುವವರು: ಒಂದೇ ಶೀಟಿನಲ್ಲಿದ್ದರೆ ಆ ಕಾಲಂ ಕಣ್ಣಿಗೇ ಬೀಳುತ್ತಿತ್ತು.

ಪ್ರಾಜೆಕ್ಟ್ ರಿಪೋರ್ಟ್ ಮಾಡುವವರು: ಸಾಕು ಬಿಡಿ.