ಸಹಾಯ ಬೇಕು: ಕೋಣೆಯ ಫೋಟೋ ನೋಡಿ ಬರೆದ ಚಿತ್ರದಲ್ಲಿ ದಿವಾನದ ಅಳತೆ ಕೆಡುತ್ತಿದೆ

ಮಾನ್ಯರೇ, ಮೈಸೂರಿನ ಕುವೆಂಪುನಗರದ ಮನೆಯೊಂದರ ಹಜಾರದ ಫೋಟೋವನ್ನು ಆಧಾರವಾಗಿಟ್ಟುಕೊಂಡು, ಅಲಂಕಾರದ ಮೂಡ್ ಬೋರ್ಡಿಗಾಗಿ ಕ್ರಿಟಾದಲ್ಲಿ ಜಲವರ್ಣ ಶೈಲಿಯ ಚಿತ್ರ ಬರೆಯುತ್ತಿದ್ದೇನೆ. ಜಾಗ ಕಿರಿದಾದ್ದರಿಂದ ಫೋಟೋವನ್ನು ಮೊಬೈಲಿನ 0.5x ವೈಡ್ ಲೆನ್ಸಿನಲ್ಲಿ ತೆಗೆಯಬೇಕಾಯಿತು; ಹೀಗಾಗಿ ನಡುವಿನ ತೇಗದ ತೂಗುಮಂಚ ಸರಿಯಾಗಿ ಕಂಡರೂ, ಅಂಚಿನಲ್ಲಿರುವ ಆರಡಿ ದಿವಾನ ಎಂಟಡಿಯದೆಂಬಂತೆ ಹಿಗ್ಗಿದೆ. ಫೋಟೋದಲ್ಲಿ ಕಣ್ಣು ಇದನ್ನು ಮನ್ನಿಸುತ್ತದೆ, ಗೆರೆಯಲ್ಲಿ ಮನ್ನಿಸುವುದಿಲ್ಲ. ಗೋಡೆಯ ಲಂಬರೇಖೆಗಳನ್ನು ಪರ್‌ಸ್ಪೆಕ್ಟಿವ್ ಉಪಕರಣದಿಂದ ನೇರ ಮಾಡಿದ್ದಾಯಿತು, ಆದರೆ ಈ ಹಿಗ್ಗು ಹೋಗಲಿಲ್ಲ. ದಿವಾನವನ್ನಷ್ಟೇ ಕುಗ್ಗಿಸಿದರೆ ಅದರ ಕಾಲುಗಳು ಟೈಲ್ಸ್ ಗೆರೆಗಳಿಗೆ ಹೊಂದುವುದಿಲ್ಲ, ಕಿಟಕಿಯ ಪಕ್ಕದಲ್ಲಿ ಇಲ್ಲದ ಜಾಗ ಹುಟ್ಟಿಕೊಳ್ಳುತ್ತದೆ. ಮನೆಯವರಿಗಂತೂ ತಮ್ಮ ಸಾಮಾನಿನ ಗುರುತು ಸಿಗಲೇಬೇಕು. ಇಂಥಲ್ಲಿ ಟೈಲ್ಸ್ ಎಣಿಸಿ ಇಡೀ ಕೋಣೆಗೆ ಹೊಸದಾಗಿ ಗೆರೆ ಹಾಕಬೇಕೇ, ಅಥವಾ ಬಾಗಿಲಾಚೆಗೆ ಸರಿದು 1x ನಲ್ಲಿ ಬೇರೆ ಫೋಟೋ ತೆಗೆಯುವುದೇ ಸರಿಯೇ?