ನೆಟ್ ಇಲ್ಲದ ಕಡೆ ಕ್ಯೂಫೀಲ್ಡ್: ಅನುಭವ ಇದ್ದವರು ಹೇಳಿ

ಕೇಳಿದವರು: ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ನಾಲ್ಕು ದಿನ ಮರಗಳ ಸರ್ವೆ ಇದೆ. ಫೋನಿನ ನಕ್ಷೆ ಮೇಲೆ ಪಾಯಿಂಟ್ ಹಾಕೋ ಕ್ಯೂಫೀಲ್ಡ್ ಆ್ಯಪ್‌ನಲ್ಲಿ ಮಾಡಬೇಕು ಅಂತಿದ್ದೇವೆ. ನಾವಿಬ್ಬರು, ಎರಡು ಫೋನ್. ಪಾಯಿಂಟ್, ಫೋಟೋ ಎಲ್ಲಾ ವಾಪಸ್ ಬಂದ ಮೇಲೆ ಸೇರಿಸಬೇಕು. ಮಾಡಿದವರಿದ್ದೀರಾ?

ಹಳೇ ಸರ್ವೇಯರ್: ಮಾಡಿದ್ದೇನೆ, ಕೈ ಸುಟ್ಟುಕೊಂಡಿದ್ದೇನೆ. ಮೂರು ದಿನ ನಡೆದು 212 ಪಾಯಿಂಟ್ ಹಾಕಿದ್ದೆ. ಆ್ಯಪ್ ಇನ್ನೂ ತೆರೆದೇ ಇತ್ತು, ಕೇಬಲ್ ಹಾಕಿ `trees.gpkg` ಒಂದನ್ನೇ ಲ್ಯಾಪ್‌ಟಾಪ್‌ಗೆ ಎಳೆದುಕೊಂಡೆ. ತೆರೆದರೆ 171 ಪಾಯಿಂಟ್! ಪಕ್ಕದಲ್ಲಿ `trees.gpkg-wal` ಅಂತ ಒಂದು ಫೈಲ್ ಇತ್ತು, ಕಸ ಅಂದುಕೊಂಡು ಬಿಟ್ಟಿದ್ದೆ. ಕೊನೆಯ ದಿನದ 41 ಪಾಯಿಂಟ್ ಅದರಲ್ಲೇ ಕೂತಿದ್ದವು. ಫೋಟೋ ಒಂದೂ ಇಲ್ಲ, ಬಾಕ್ಸ್ ಎಲ್ಲಾ ಖಾಲಿ. ಟೇಬಲ್‌ನಲ್ಲಿ ಇರೋದು `DCIM/...jpg` ಅನ್ನೋ ದಾರಿ ಮಾತ್ರ, ಚಿತ್ರ ಫೋಲ್ಡರ್‌ನಲ್ಲೇ ಉಳಿದಿರುತ್ತದೆ. ಅಲ್ಲಿಯವರೆಗೂ ಏನೂ ಹೋಗಿರಲಿಲ್ಲ. ನಾನು ಬುದ್ಧಿವಂತಿಕೆ ತೋರಿಸಿ ಆ್ಯಪ್ ತೆಗೆದು ಮತ್ತೆ ಹಾಕಿದೆ. ಪ್ರಾಜೆಕ್ಟ್ ಇದ್ದದ್ದು `Android/data/ch.opengis.qfield` ಒಳಗೆ. ಆ್ಯಪ್ ಜೊತೆಗೆ ಅದೂ ಹೋಯಿತು. 41 ಮರಕ್ಕೆ ಮತ್ತೊಂದು ದಿನ, 212 ಫೋಟೋಗೆ ಇನ್ನೆರಡು ದಿನ ನಡೆದೆ. ಈಗ ಪ್ರಾಜೆಕ್ಟ್ ಮುಚ್ಚಿ, ಇಡೀ ಫೋಲ್ಡರ್ ನಕಲು ಮಾಡಿ, ಪಾಯಿಂಟ್ ಎಣಿಸಿದ ಮೇಲೇ ಫೋನ್ ಮುಟ್ಟೋದು.

ಕ್ಲೌಡ್ ಪಾರ್ಟಿ: ಈ ಕಾಲದಲ್ಲೂ ಕೇಬಲ್ಲಾ ಸರ್? ಕ್ಯೂಫೀಲ್ಡ್‌ಕ್ಲೌಡ್ ಹಾಕಿ, ಬಂದ ಮೇಲೆ ಒಂದು ಬಟನ್ ಒತ್ತಿ, ಮುಗೀತು. ಎರಡು ವರ್ಷದಿಂದ ಒಂದು ಪಾಯಿಂಟ್ ಕೂಡ ಕಳೆದುಕೊಂಡಿಲ್ಲ.

ಹಳೇ ಸರ್ವೇಯರ್: ಪಾಯಿಂಟ್ ಸರಿ, ಫೋಟೋ ಎಣಿಸಿದ್ದೀರಾ? ಮೊದಲು ಹೋಗೋದು ಪಾಯಿಂಟ್. ಫೋಟೋ ಆಮೇಲೆ ಒಂದೊಂದಾಗಿ ಹೋಗುತ್ತವೆ. ನಡುವೆ ಆ್ಯಪ್ ಮುಚ್ಚಿದರೆ ಉಳಿದವು ಫೋನಿನಲ್ಲೇ ಕಾಯುತ್ತಾ ಇರುತ್ತವೆ.

ಕ್ಲೌಡ್ ಪಾರ್ಟಿ: ನನಗೆ ಹಾಗೆ ಆಗಿಲ್ಲ. ಆ್ಯಪ್ ಅಳಿಸಿದವರು ಪಾಠ ಹೇಳೋದು ಬೇಡ.

ಸಸಿ: ಜಗಳ ಆಮೇಲೆ ಆಡಿ, ಎರಡು ಫೋನ್ ಅಂದಿದ್ದಾರೆ! ಒಂದು ಮರಕ್ಕೆ ನಾಲ್ಕೈದು ಫೋಟೋ ಬೇಕಂತ ನಾವು ಬೇರೆ ಟೇಬಲ್ ಮಾಡಿ, ಮರದ ಸಾಲಿಗೆ ತಾನಾಗಿ ಬೀಳೋ `fid` ನಂಬರ್ ಮೂಲಕ ಜೋಡಿಸಿದ್ದೆವು. ಇಬ್ಬರ ಫೋನಿನಲ್ಲೂ ಹೊಸ ಮರ 1ರಿಂದಲೇ ಶುರು. ಒಟ್ಟಿಗೆ ಸೇರಿಸಿದಾಗ ಒಬ್ಬರ ಮರಗಳಿಗೆ ಹೊಸ ನಂಬರ್ ಬಿತ್ತು, ಫೋಟೋಗಳು ಹಳೇ ನಂಬರನ್ನೇ ಹಿಡಿದುಕೊಂಡು ಕೂತವು. ಆಲದ ಫಾರಂ ತೆಗೆದರೆ ತೆಂಗಿನ ಫೋಟೋ. ಫೋಟೋದ ಸಮಯ ನೋಡಿ ಒಂದೊಂದಾಗಿ ಸರಿ ಮಾಡಲು ಒಂದು ವಾರ ಹಿಡಿಯಿತು. ಹೊರಡುವ ಮುಂಚೆ ಒಂದು ಐಡಿ ಕಾಲಂ ಮಾಡಿ, ಡಿಫಾಲ್ಟ್ ಮೌಲ್ಯವಾಗಿ ಪ್ರತಿ ಮರಕ್ಕೂ ಬೇರೆಯದೇ ಐಡಿ ಕೊಡೋ `uuid()` ಹಾಕಿ, ಜೋಡಣೆ ಅದರ ಮೇಲೇ ಇರಲಿ. `Apply default value on update` ಟಿಕ್ ಮಾತ್ರ ಹಾಕಬೇಡಿ. ನಮ್ಮ ಹುಡುಗನೊಬ್ಬ ಹಾಕಿದ್ದ, ಮರ ತಿದ್ದಿದಾಗಲೆಲ್ಲಾ ಐಡಿ ಬದಲಾಗಿ ಫೋಟೋ ಅನಾಥ ಆಗುತ್ತಿತ್ತು.

ನೋಟ್‌ಬುಕ್: ಮರದ ಕೆಳಗೆ ಫೋನಿನ ಜಿಪಿಎಸ್ ಹತ್ತಾರು ಮೀಟರ್ ಆಚೆ ತೋರಿಸುತ್ತದೆ. ಸುಮ್ನೆ ಪುಸ್ತಕದಲ್ಲಿ ಬರೆದುಕೊಳ್ಳಿ.

ಸಸಿ: ಅಣ್ಣಾ, ಅವರು ಕೇಳಿದ್ದು ಅದಲ್ಲ.

ನೋಟ್‌ಬುಕ್: ನನ್ನ ಪುಸ್ತಕಕ್ಕೆ `-wal` ಇಲ್ಲ ತಾಯಿ.

ಕ್ಲೌಡ್ ಪಾರ್ಟಿ: ಈಗ ನೋಡಿದೆ. 63 ಫೋಟೋ ಬಾಕಿ ತೋರಿಸುತ್ತಿದೆ. ಹಳೇ ಫೋನಿನದ್ದು, ಲೆಕ್ಕಕ್ಕಿಲ್ಲ.